ಬಾಣಂತನ ಮುಗಿಸಿ ಬಂದ ಮೇಲೆ ಮಾತಿಗೆ ಜನ ಹುಡುಕಿಕೊಳ್ಳುವುದು ಹೇಗೆ

ಮಗುವಿಗೆ ಐದು ತಿಂಗಳಾಗಿದ್ದಾಗ ತಿಪಟೂರಿನ ತವರಿನಿಂದ ಬೆಂಗಳೂರಿಗೆ ವಾಪಸ್ ಬಂದೆ. ಅಲ್ಲಿ ನನ್ನ ಕೋಣೆಗೆ ದಿನಕ್ಕೆ ಎಂಟು ಹತ್ತು ಜನ ಬಂದು ಹೋಗುತ್ತಿದ್ದರು. ಎಣ್ಣೆ ನೀರು ಹಾಕುವ ಅಜ್ಜಿ, ಪಕ್ಕದ ಮನೆಯ ಅತ್ತಿಗೆ, ಮಗು ಯಾರ ಹಾಗಿದೆ ಅಂತ ತೀರ್ಪು ಕೊಡಲು ಬರುವ ದೊಡ್ಡಮ್ಮಂದಿರು. ಸಾಕಪ್ಪ ಈ ಜನ ಅನಿಸುತ್ತಿತ್ತು. ಇಲ್ಲಿ ಬಂದರೆ ಮೂರನೇ ಮಹಡಿಯ ಬಾಡಿಗೆ ಮನೆ. ಗಂಡ ಬೆಳಿಗ್ಗೆ ಎಂಟೂವರೆಗೆ ಹೊರಟರೆ ಬರುವುದು ರಾತ್ರಿ ಏಳೂವರೆಗೆ. ನಡುವಿನ ಹನ್ನೊಂದು ಗಂಟೆ ನಾನು, ಮಗು, ಮತ್ತು ಕುಕ್ಕರ್ ಸೀಟಿ.

ಎರಡು ವಾರ ಕಳೆಯುವಷ್ಟರಲ್ಲಿ ಕೊರಿಯರ್ ಹುಡುಗನನ್ನೂ ಬಾಗಿಲಲ್ಲಿ ನಿಲ್ಲಿಸಿಕೊಂಡು ಮಾತಾಡಿಸತೊಡಗಿದ್ದೆ. ಪಾಪ, ಅವನಿಗೆ ಇನ್ನೂ ನಲವತ್ತು ಮನೆ ಬಾಕಿ ಇರುತ್ತಿತ್ತು. ಆಮೇಲೆ ಮಾಡಿದ ಪ್ರಯತ್ನಗಳಲ್ಲಿ ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನದು ನಗರದ, ಚಿಕ್ಕ ಸಂಸಾರದ ಕಥೆ. ಮನೆ ತುಂಬ ಜನ ಇದ್ದೂ ಮಾತಿಗೆ ಯಾರೂ ಇಲ್ಲದವರ ವಿಷಯ ಮುಂದೆ ಒಂದು ಕಡೆ ಬರುತ್ತದೆ.

ಮೊದಲು ಮೂರು ದಿನ ಬರೆದಿಡಿ

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ. ಅದರಲ್ಲಿ ಎರಡೇ ವಿಷಯ ಬರೆಯಿರಿ: ಮಗು ಎದ್ದಿರುವ ಹೊತ್ತು, ನಿಮಗೆ ದಿನ ಭಾರ ಅನಿಸುವ ಹೊತ್ತು. ಜೊತೆಗೆ, ದೊಡ್ಡವರ ಜೊತೆ ಏನಾದರೂ ಮಾತಾಡಿದ್ದರೆ ಅದಕ್ಕೊಂದು ಗೆರೆ ಎಳೆಯಿರಿ. ನನ್ನ ಮಂಗಳವಾರದ ಹಾಳೆಯಲ್ಲಿ ಮೂರು ಗೆರೆ ಇದ್ದವು. ಸೊಪ್ಪಿನವರು, ಅಮ್ಮನ ಫೋನ್, ರಾತ್ರಿ ಗಂಡ. ಅಮ್ಮನ ಫೋನಿನಲ್ಲಿ "ಮಗು ಮೋಷನ್ ಮಾಡ್ತಾ?" ಬಿಟ್ಟು ಬೇರೆ ಏನೂ ಇರಲಿಲ್ಲ.

ಇಡೀ ದಿನವೇ ಭಾರ ಅಂತ ನಾನು ಅಂದುಕೊಂಡಿದ್ದೆ. ಹಾಳೆ ನೋಡಿದರೆ ಹಾಗಿರಲಿಲ್ಲ. ಬೆಳಗಿನ ಹೊತ್ತು ಸ್ನಾನ, ಬಟ್ಟೆ, ಅಡುಗೆಯಲ್ಲಿ ಕಳೆದುಹೋಗುತ್ತಿತ್ತು. ನಾಲ್ಕರಿಂದ ಆರೂವರೆ ಮಾತ್ರ ದಾಟುತ್ತಲೇ ಇರಲಿಲ್ಲ. ಅಂದರೆ ನನಗೆ ಇಡೀ ದಿನಕ್ಕೆ ಜೊತೆ ಬೇಕಾಗಿರಲಿಲ್ಲ, ಆ ಎರಡೂವರೆ ಗಂಟೆಗೆ ಬೇಕಾಗಿತ್ತು. ಕೆಲವರಿಗೆ ಇದು ಬೆಳಿಗ್ಗೆ ಹನ್ನೊಂದಕ್ಕೆ ಬರುತ್ತದೆ, ಕೆಲವರಿಗೆ ಗಂಡ ಹೊರಟ ತಕ್ಷಣವೇ. ನಿಮ್ಮದು ಯಾವುದು ಅಂತ ಗೊತ್ತಾದರೆ ಹುಡುಕಾಟ ಅರ್ಧಕ್ಕೆ ಇಳಿಯುತ್ತದೆ.

ಒಂದೇ ಜಾಗ, ಒಂದೇ ಹೊತ್ತು

ನಾನು ಮೊದಲು ಮಾಡಿದ ತಪ್ಪು, ದಿನಾ ಬೇರೆ ಬೇರೆ ಕಡೆ ಹೋಗಿದ್ದು. ಒಂದು ದಿನ ಪಾರ್ಕು, ಇನ್ನೊಂದು ದಿನ ದೇವಸ್ಥಾನ, ಮತ್ತೊಂದು ದಿನ ಸೂಪರ್ ಮಾರ್ಕೆಟ್. ಎಲ್ಲಾ ಕಡೆ ಜನ ಮಗುವಿನ ಕೆನ್ನೆ ಮುಟ್ಟಿ ಮುಂದೆ ಹೋದರು. ಹಾಗಾದಾಗ ಮನೆಗೆ ಬಂದ ಮೇಲೆ ಮೊದಲಿಗಿಂತ ಜಾಸ್ತಿ ಒಂಟಿ ಅನಿಸುತ್ತದೆ.

ಆಮೇಲೆ ಜಾಗ ಬದಲಿಸುವುದನ್ನೇ ಬಿಟ್ಟೆ. ನಮ್ಮ ರಸ್ತೆಯ ಪಾರ್ಕಿನಲ್ಲಿ ಹೊಂಗೆಮರದ ಕೆಳಗೆ ಒಂದು ಸಿಮೆಂಟ್ ಬೆಂಚು. ಪ್ರತಿದಿನ ನಾಲ್ಕೂ ಮುಕ್ಕಾಲಿಗೆ ಅಲ್ಲಿ ಕೂರುವುದು, ಐದೂ ಮುಕ್ಕಾಲಿಗೆ ಏಳುವುದು. ಮೊದಲ ವಾರ ಯಾರೂ ಮಾತಾಡಿಸಲಿಲ್ಲ, ನೋಡಿ ನಕ್ಕರು ಅಷ್ಟೇ. ಎರಡನೇ ವಾರ ವಾಕಿಂಗ್ ಬರುವ ಒಬ್ಬ ಅಜ್ಜಿ "ಟೋಪಿ ಹಾಕಮ್ಮ, ಗಾಳಿ" ಅಂದರು. ಮೂರನೇ ವಾರ ಎರಡು ದಿನ ನಾನು ಹೋಗಲಿಲ್ಲ. ಮಗುವಿಗೆ ನೆಗಡಿ ಇತ್ತು. ಮೂರನೇ ದಿನ ಹೋದಾಗ ಅದೇ ಅಜ್ಜಿ ದೂರದಿಂದಲೇ "ಯಾಕೆ, ಎರಡು ದಿನ ಕಾಣಲೇ ಇಲ್ಲ?" ಅಂದರು. ನನ್ನನ್ನು ಯಾರೋ ಹುಡುಕಿದ್ದರು! ಅವತ್ತು ಅಜ್ಜಿ ಬೆಂಚಿನಲ್ಲಿ ಕೂತು ತಮ್ಮ ಮಂಡಿನೋವಿನ ಪೂರ್ತಿ ಚರಿತ್ರೆ ಹೇಳಿದರು. ನಾನು ಖುಷಿಯಿಂದ ಕೇಳಿದೆ.

ಹಾಗಾಗಿ ಒಂದು ಜಾಗಕ್ಕೆ ಕನಿಷ್ಠ ಮೂರು ವಾರ ಕೊಡಿ. ನಾಲ್ಕನೇ ದಿನಕ್ಕೇ "ಇಲ್ಲಿ ಯಾರೂ ಮಾತಾಡಲ್ಲ" ಅಂತ ಬಿಟ್ಟರೆ ಆಗುವುದಿಲ್ಲ. ಪಾರ್ಕ್ ಇಲ್ಲದಿದ್ದರೆ ಅಪಾರ್ಟ್‌ಮೆಂಟಿನ ಕೆಳಗಿನ ಕಟ್ಟೆ, ಮನೆ ಮುಂದಿನ ಮೆಟ್ಟಿಲು, ದೇವಸ್ಥಾನದ ಪ್ರಾಂಗಣ ಆಗುತ್ತದೆ. ಜನ ದಾಟಿ ಹೋಗುವ ಜಾಗಕ್ಕಿಂತ ಜನ ಕೂರುವ ಜಾಗ ಆರಿಸಿ. ಅಂಗಡಿ ಬೀದಿಯಲ್ಲಿ ನೂರು ಜನ ಸಿಕ್ಕರೂ ಯಾರೂ ನಿಲ್ಲುವುದಿಲ್ಲ.

ಹೊರಡುವ ವಿಷಯದಲ್ಲಿ ಒಂದು ಲೆಕ್ಕ ಇದೆ. ಐದಾರು ತಿಂಗಳ ಮಗು ಒಮ್ಮೆ ಎದ್ದರೆ ಸುಮಾರು ಎರಡು ಗಂಟೆ ಎದ್ದಿರುತ್ತದೆ. ಅದರಲ್ಲಿ ಹಾಲು, ಬಟ್ಟೆ ಬದಲಾವಣೆಗೆ ಮುಕ್ಕಾಲು ಗಂಟೆ ಹೋಗುತ್ತದೆ. ಉಳಿಯುವುದು ಒಂದು ಗಂಟೆ ಚಿಲ್ಲರೆ. ಆದ್ದರಿಂದ ಮಗು ಮಲಗಿರುವಾಗಲೇ ಚೀಲ ತಯಾರಿರಬೇಕು: ಎರಡು ಲಂಗೋಟಿ ಅಥವಾ ಡಯಾಪರ್, ಒಂದು ಜೊತೆ ಬಟ್ಟೆ, ಒದ್ದೆ ಬಟ್ಟೆ, ಹಾಲು ಕುಡಿಸುವಾಗ ಹೊದೆಯಲು ಹತ್ತಿ ದುಪಟ್ಟ, ನಿಮಗೆ ನೀರು. ನಾನು ಮೊದಲು ಮಗು ಎದ್ದ ಮೇಲೆ ಚೀಲ ತುಂಬಲು ಶುರು ಮಾಡುತ್ತಿದ್ದೆ. ಬಾಗಿಲಿಗೆ ಬರುವಷ್ಟರಲ್ಲಿ ಮತ್ತೆ ನಿದ್ದೆಗೆ ಅಳುತ್ತಿತ್ತು. ಒಂದು ವಾರ ಹೀಗೇ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೇನೆ.

ನಮ್ಮ ಫುಟ್‌ಪಾತಿನಲ್ಲಿ ತಳ್ಳುಗಾಡಿ ನಡೆಯುವುದಿಲ್ಲ, ಅದನ್ನು ಮಾರಿಬಿಟ್ಟೆ. ಮೈಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಸಾಕು. ಮಗುವಿನ ಮುಖ ಯಾವಾಗಲೂ ನಿಮಗೆ ಕಾಣುತ್ತಿರಬೇಕು, ಗದ್ದ ಎದೆಗೆ ಒತ್ತಿಕೊಂಡಿರಬಾರದು, ಮಂಡಿ ಅಂಡಿಗಿಂತ ಸ್ವಲ್ಪ ಮೇಲಿರಬೇಕು. ಸ್ವಲ್ಪ ದೂರ ಹೋಗಬೇಕಿದ್ದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ ಹೆಂಗಸರಿಗೆ ಉಚಿತ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಬಸ್ಸಿನಲ್ಲಿ ಕೂರಲು ಜಾಗ ಸಿಗುತ್ತದೆ. ನಾಲ್ಕನೇ ಸ್ಟಾಪಿನಲ್ಲಿರುವ ಗೆಳತಿಯ ಮನೆಗೆ ಹೋಗಿ ಬರಲು ಇದು ಧಾರಾಳ.

ನಿಮ್ಮಂಥವರು ಎಲ್ಲಿದ್ದಾರೆ ಅಂತ ಗೊತ್ತಿರುವವರನ್ನು ಕೇಳಿ

ಅಜ್ಜಿ ಸಿಕ್ಕರು, ಸರಿ. ಆದರೆ ರಾತ್ರಿ ಮೂರಕ್ಕೆ ಎದ್ದಿರುವ ಇನ್ನೊಬ್ಬಳು ಬೇಕು ಅನಿಸುತ್ತದೆ ಅಲ್ವಾ? ಅವಳು ನಿಮ್ಮ ಬೀದಿಯಲ್ಲೇ ಇರುತ್ತಾಳೆ. ತೊಂದರೆ ಏನೆಂದರೆ ಅವಳೂ ಬಾಗಿಲು ಹಾಕಿಕೊಂಡೇ ಇರುತ್ತಾಳೆ.

ಯಾವ ಮನೆಯಲ್ಲಿ ಎಷ್ಟು ತಿಂಗಳ ಮಗು ಇದೆ ಅಂತ ಪಟ್ಟಿ ಇರುವುದು ಆಶಾ ಕಾರ್ಯಕರ್ತೆ ಮತ್ತು ಅಂಗನವಾಡಿ ಟೀಚರ್ ಹತ್ತಿರ. ಮಗು ಮೂರು, ಆರು, ಒಂಬತ್ತು, ಹನ್ನೆರಡು ತಿಂಗಳಾದಾಗ ಆಶಾ ಮನೆಗೆ ಬಂದು ನೋಡುವ ವ್ಯವಸ್ಥೆ ಇದೆ. ಬಂದಾಗ ತಾಯಿ ಕಾರ್ಡ್ ತೋರಿಸಿ ಕಳಿಸಬೇಡಿ, ನೇರವಾಗಿ ಕೇಳಿ: "ಅಕ್ಕ, ಈ ಕಡೆ ಆರು ತಿಂಗಳ ಮಗು ಇರೋರು ಬೇರೆ ಯಾರಿದ್ದಾರೆ? ನಾನು ದಿನಾ ಐದು ಗಂಟೆಗೆ ಪಾರ್ಕಲ್ಲಿ ಇರ್ತೀನಿ ಅಂತ ಅವರಿಗೆ ಹೇಳ್ತೀರಾ?" ಬೇರೆಯವರ ನಂಬರ್ ಕೇಳಬೇಡಿ, ಅದನ್ನು ಅವರು ಕೊಡಬಾರದು. ನಿಮ್ಮ ಸುದ್ದಿ ಅಲ್ಲಿಗೆ ಮುಟ್ಟಿದರೆ ಸಾಕು.

ಆಶಾ ಬರಲೇ ಇಲ್ಲ ಅಂದರೆ ಅಂಗನವಾಡಿಗೆ ನೀವೇ ಹೋಗಿ. ಅದು ಬಡವರಿಗೆ ಮಾತ್ರ ಅನ್ನುವುದು ತಪ್ಪು ತಿಳುವಳಿಕೆ, ಎಲ್ಲರಿಗೂ ತೆರೆದಿದೆ. ಮಕ್ಕಳ ತೂಕ ನೋಡುವ ದಿನ ಯಾವುದು ಅಂತ ಕೇಳಿ, ಆ ದಿನವೇ ಹೋಗಿ. ಹತ್ತು ಜನ ತಾಯಂದಿರು ಒಂದೇ ತಕ್ಕಡಿಗೆ ಕಾಯುತ್ತಾ ಕೂತಿರುತ್ತಾರೆ.

ಲಸಿಕೆಯ ದಿನ ಇದಕ್ಕಿಂತ ಒಳ್ಳೆಯದು. ಆರು, ಹತ್ತು, ಹದಿನಾಲ್ಕು ವಾರದ ಲಸಿಕೆಗೆ ಬರುವವರ ಮಕ್ಕಳೆಲ್ಲ ಹೆಚ್ಚೂ ಕಮ್ಮಿ ಒಂದೇ ವಯಸ್ಸು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ, ಏನಾದರೂ ತೊಂದರೆ ಆದರೆ ನೋಡಲು. ಆ ಅರ್ಧ ಗಂಟೆ ಎಲ್ಲರ ಮಗುವೂ ಅಳುತ್ತಿರುತ್ತದೆ, ಯಾರಿಗೂ ಯಾರ ಮುಂದೂ ನಾಚಿಕೆ ಇರುವುದಿಲ್ಲ. ನನಗೆ ಈ ಮೂರೂ ತವರಿನಲ್ಲೇ ಮುಗಿದಿದ್ದವು. ಉಳಿದಿದ್ದು ಒಂಬತ್ತನೇ ತಿಂಗಳದ್ದು. ನೀವು ಇನ್ನೂ ಮೊದಲ ಮೂರು ತಿಂಗಳಲ್ಲಿದ್ದರೆ ಈ ಅವಕಾಶ ಬಿಡಬೇಡಿ. ಮೊಬೈಲ್ ನೋಡುತ್ತಾ ಕೂರದೆ ಪಕ್ಕದವರನ್ನು ಮಾತಾಡಿಸಿ.

ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಿಗೂ ಒಂದು ಮೆಸೇಜ್ ಹಾಕಬಹುದು. "ಹೊಸ ತಾಯಂದಿರು ಯಾರಾದರೂ ಇದ್ದರೆ ಪರಿಚಯ ಮಾಡಿಕೊಳ್ಳೋಣ" ಅಂತ ನಾನು ಹಾಕಿದ್ದಕ್ಕೆ ಹನ್ನೊಂದು ಹೆಬ್ಬೆರಳು ಬಂದವು, ಒಬ್ಬರೂ ಬರಲಿಲ್ಲ. ಮುಂದಿನ ವಾರ ಬದಲಿಸಿ ಹಾಕಿದೆ: "ಗುರುವಾರ ಸಂಜೆ ಐದಕ್ಕೆ ನಾನು ಮತ್ತು ಮಗು ಕೆಳಗೆ ತುಳಸಿಕಟ್ಟೆ ಹತ್ತಿರ ಚಾಪೆ ಹಾಕಿಕೊಂಡು ಕೂತಿರ್ತೀವಿ. ಒಂದು ವರ್ಷದೊಳಗಿನ ಮಗು ಇರೋರು ಬನ್ನಿ. ಮಗು ಅತ್ತರೆ ಎದ್ದು ಹೋದರೂ ಯಾರೂ ಏನೂ ಅಂದುಕೊಳ್ಳಲ್ಲ." ಇಬ್ಬರು ಬಂದರು. ದಿನ, ಹೊತ್ತು, ಜಾಗ ಹೇಳಿದರೆ ಮಾತ್ರ ಜನ ಬರುತ್ತಾರೆ. ಆ ಕೊನೆಯ ವಾಕ್ಯವೂ ಇರಲಿ. ಬರಲು ಹಿಂಜರಿಯುವವರಲ್ಲಿ ಹೆಚ್ಚಿನವರಿಗೆ ಇರುವ ಭಯ ಅದೇ.

ಹೆಸರು ಕೇಳಿ

ಬಂದ ಇಬ್ಬರಲ್ಲಿ ಒಬ್ಬರು ದಾವಣಗೆರೆ ಕಡೆಯವರು, ಎದುರು ಬ್ಲಾಕಿನಲ್ಲಿ ಇರುವವರು. ಅವರ ಮಗಳಿಗೆ ಏಳು ತಿಂಗಳು. ಮೂರು ವಾರ ನಾವು ಭೇಟಿಯಾದೆವು. ರಾಗಿ ಸರಿ, ಹಲ್ಲು, ನಿದ್ದೆ, ಸೊಳ್ಳೆ, ಮತ್ತೆ ರಾಗಿ ಸರಿ. ಮನೆಗೆ ಬಂದು ನೋಡಿದರೆ ಹಸಿವು ಹಾಗೇ ಇದೆ. ಗಂಟೆಗಟ್ಟಲೆ ಮಾತಾಡಿದ್ದೇನೆ, ಆದರೆ ಮಾತಾಡಿದ ಹಾಗೆ ಇಲ್ಲ.

ಒಂದು ದಿನ ಫೋನಿನಲ್ಲಿ ಅವರ ನಂಬರ್ ಹುಡುಕಿದಾಗ ಕಾರಣ ಗೊತ್ತಾಯಿತು. ನಾನು ಅದನ್ನು "ಸಾನು ಅಮ್ಮ" ಅಂತ ಸೇವ್ ಮಾಡಿದ್ದೆ. ಅವರ ಹೆಸರೇ ನನಗೆ ಗೊತ್ತಿರಲಿಲ್ಲ. ನಾನೂ ಅವರ ಫೋನಿನಲ್ಲಿ ಯಾರದೋ ಅಮ್ಮ. ಹಾಗಿದ್ದ ಮೇಲೆ ಇಬ್ಬರು ಅಮ್ಮಂದಿರ ನಡುವೆ ಮಕ್ಕಳ ಮಾತು ಬಿಟ್ಟು ಇನ್ನೇನು ಬರುತ್ತದೆ?

ಮುಂದಿನ ಗುರುವಾರ ಕೇಳಿಯೇಬಿಟ್ಟೆ. "ರೀ, ಬೇಜಾರು ಮಾಡ್ಕೋಬೇಡಿ, ನಿಮ್ಮ ಹೆಸರೇ ಕೇಳಿಲ್ಲ ನಾನು." ಅವರು ಜೋರಾಗಿ ನಕ್ಕರು. "ನಾನೂ ಅದನ್ನೇ ಯೋಚಿಸ್ತಿದ್ದೆ, ಇಷ್ಟು ದಿನ ಆದಮೇಲೆ ಹೆಂಗ್ ಕೇಳೋದು ಅಂತ." ಹೆಸರು ಆದ ಮೇಲೆ ನಾನು ಕೇಳಿದ ಎರಡನೇ ಪ್ರಶ್ನೆ: "ಮಗು ಆಗೋ ಮುಂಚೆ ಸಂಜೆ ಹೊತ್ತು ಏನ್ ಮಾಡ್ತಿದ್ರಿ?" ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. "ಏನ್ ಕೆಲಸ ಮಾಡ್ತಿದ್ರಿ" ಅಂದರೆ ಕೆಲಸ ಬಿಟ್ಟವರಿಗೆ ಚುಚ್ಚುತ್ತದೆ, ಉತ್ತರವೂ ಒಂದು ಸಾಲಿಗೆ ಮುಗಿಯುತ್ತದೆ. ಸಂಜೆ ಏನು ಮಾಡುತ್ತಿದ್ದಿರಿ ಅಂದರೆ ಬೇರೆಯೇ ಮನುಷ್ಯರು ಹೊರಗೆ ಬರುತ್ತಾರೆ. ಅವರು ಜಿಲ್ಲಾ ಮಟ್ಟದಲ್ಲಿ ಖೋಖೋ ಆಡುತ್ತಿದ್ದರಂತೆ!

ಎದುರಿನವರು ತೆರೆದುಕೊಳ್ಳಲಿ ಅಂತ ಕಾಯುವುದಕ್ಕಿಂತ ನೀವೇ ಸಣ್ಣದೊಂದು ನಿಜ ಹೇಳುವುದು ಒಳ್ಳೆಯದು. ಹೆರಿಗೆಯ ಕಥೆ, ಅತ್ತೆಯ ಕಥೆ ಮೊದಲೇ ಬೇಡ, ಅವು ಭಾರ. "ನಿನ್ನೆ ಮಗು ಮಲಗಿದ ಮೇಲೆ ಬಚ್ಚಲಲ್ಲಿ ಸುಮ್ನೆ ಹತ್ತು ನಿಮಿಷ ಕೂತಿದ್ದೆ" ಅನ್ನುವಷ್ಟು ಸಾಕು. ಅದಕ್ಕೆ "ಅಯ್ಯೋ, ನಾನೂ" ಅಂತ ಬಂದರೆ ಮುಂದಕ್ಕೆ ಹೋಗಿ. "ಹಾಗೆಲ್ಲಾ ಮಾಡಬಾರದು, ಮಗುಗೆ ಒಳ್ಳೇದಲ್ಲ" ಅಂತ ಬಂದರೆ ಅವರ ಜೊತೆ ರಾಗಿ ಸರಿಯ ಮಾತು ಮುಂದುವರಿಸಿ. ಅದಕ್ಕೂ ಜನ ಬೇಕಲ್ಲ. ಎಲ್ಲರನ್ನೂ ಒಳಗೆ ಬಿಟ್ಟುಕೊಳ್ಳಬೇಕಾಗಿಲ್ಲ.

ಕೈಗೊಂದು ಕೆಲಸ

ಎದುರುಬದುರು ಕೂತು "ಈಗ ಮಾತಾಡೋಣ" ಅಂದರೆ ಮಾತು ಹೊರಡುವುದಿಲ್ಲ. ಕೈಗೆ ಕೆಲಸ ಇರಬೇಕು. ನಮ್ಮದು ಶುರುವಾಗಿದ್ದು ಡಿಸೆಂಬರಿನಲ್ಲಿ, ಅವರೆಕಾಯಿ ಕಾಲ. ಮಗು ಎತ್ತಿಕೊಂಡು ಎರಡು ಕೆಜಿ ಅವರೆ ಸುಲಿಯುವುದು ಒಬ್ಬರಿಂದ ಆಗದ ಮಾತು. ನಾನು ತಂದೆ, ಅವರು ಸುಲಿಯಲು ಬಂದರು. ಕಾಳು ರಾತ್ರಿ ನೆನೆಸಿ, ಮರುದಿನ ಹಿತುಕಲು ಮತ್ತೆ ಸೇರಿದೆವು. ಬೆರಳ ತುದಿಯಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಬಟ್ಟಲಿಗೆ ಬೀಳುತ್ತದೆ. ಈ ಕೆಲಸಕ್ಕೆ ಕಣ್ಣು ಬೇಕು, ಬುದ್ಧಿ ಬೇಡ. ಮುಖ ನೋಡಬೇಕಾಗಿಲ್ಲದ್ದರಿಂದ ಹೇಳಲಾಗದ್ದೂ ಬಾಯಿಗೆ ಬರುತ್ತದೆ. ಅವತ್ತು ಅವರು ಕೆಲಸ ಬಿಟ್ಟಿದ್ದು ತಮ್ಮ ಇಷ್ಟದಿಂದ ಅಲ್ಲ ಅಂತ ಹೇಳಿದರು. ಕೈ ನಿಲ್ಲಿಸಲಿಲ್ಲ, ನಾನೂ ನಿಲ್ಲಿಸಲಿಲ್ಲ. ಅವತ್ತಿನಿಂದ "ನೀವು" ಹೋಗಿ "ನೀನು" ಆಯಿತು.

ಒಂದು ಎಚ್ಚರಿಕೆ: ಕಾಳಿನ ತಟ್ಟೆ ನೆಲದ ಮೇಲೆ ಬೇಡ. ತೆವಳುವ ಮಗು ಒಂದು ಕಾಳು ಬಾಯಿಗೆ ಹಾಕಿಕೊಂಡರೆ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ನಾವು ಊಟದ ಟೇಬಲ್ ಮೇಲೆ ಸುಲಿದೆವು, ಮಕ್ಕಳು ಕೆಳಗೆ ಚಾಪೆಯ ಮೇಲೆ, ಎದ್ದ ಮೇಲೆ ನೆಲ ಗುಡಿಸಿದೆವು. ಅವರೆ ಕಾಲ ಅಲ್ಲದಿದ್ದರೆ ಮೊಳಕೆ ಕಟ್ಟಿದ ರಾಗಿಯನ್ನು ಒಣಗಿಸಿ ಹುರಿಯುವುದು, ಸೊಪ್ಪು ಬಿಡಿಸುವುದು, ಮಕ್ಕಳ ಬಟ್ಟೆ ಮಡಿಸುವುದು ಏನಾದರೂ ಆಗುತ್ತದೆ. ಹೇಗೂ ಮಾಡಲೇಬೇಕಾದ ಕೆಲಸ ಅದಾಗಿರಲಿ. ಮನೆ ಒಪ್ಪ ಮಾಡಿ, ತಿಂಡಿ ಮಾಡಿ ಕರೆಯಲು ಹೋದರೆ ಎರಡನೇ ಸಲಕ್ಕೇ ಸುಸ್ತಾಗುತ್ತೀರಿ. ನಾನು ಮಡಿಸದ ಬಟ್ಟೆಯ ಗುಡ್ಡೆಯನ್ನು ಬೇಕಂತಲೇ ಸೋಫಾ ಮೇಲೆ ಬಿಟ್ಟಿರುತ್ತಿದ್ದೆ. ಅದನ್ನು ನೋಡಿದರೆ ಬಂದವರಿಗೂ ನೆಮ್ಮದಿ.

ಫೋನ್

ಗ್ರೂಪಿನಲ್ಲಿ ದಿನವಿಡೀ ಮೆಸೇಜ್ ಓದುವುದನ್ನು ನಾನು ಮಾತಿನ ಲೆಕ್ಕಕ್ಕೆ ಸೇರಿಸುವುದಿಲ್ಲ. ಒಬ್ಬರ ದನಿ ಕೇಳಬೇಕು. ಹಳೆಯ ಗೆಳತಿಯೊಬ್ಬಳನ್ನು ಆರಿಸಿ, ಮದುವೆ ಆಗದವಳಾದರೆ ಇನ್ನೂ ಒಳ್ಳೆಯದು, ಮಗುವಿನ ಮಾತು ತಾನಾಗಿಯೇ ಕಮ್ಮಿ ಆಗುತ್ತದೆ. "ಫ್ರೀ ಇದ್ದಾಗ ಮಾಡ್ತೀನಿ" ಅಂದರೆ ಆ ದಿನ ಬರುವುದೇ ಇಲ್ಲ. "ಪ್ರತಿ ಮಂಗಳವಾರ ಅವಳ ಊಟದ ಹೊತ್ತು, ಒಂದೂ ಕಾಲಿಗೆ, ಹದಿನೈದು ನಿಮಿಷ" ಅಂತ ಗೊತ್ತು ಮಾಡಿ. ಶುರುವಿನಲ್ಲೇ ಹೇಳಿಬಿಡಿ: "ಮಗು ಎದ್ದರೆ ಹೇಳದೇ ಇಡ್ತೀನಿ, ತಪ್ಪು ತಿಳ್ಕೋಬೇಡ." ಹೀಗೆ ಹೇಳಿದ ಮೇಲೆ ಇಬ್ಬರಿಗೂ ಭಾರ ಇಳಿಯುತ್ತದೆ. ನೀವು ಬೇರೆ ದೇಶದಲ್ಲಿದ್ದು ಹೊತ್ತು ಹೊಂದುವುದಿಲ್ಲ ಅಂದರೆ ವಾಯ್ಸ್ ಮೆಸೇಜ್ ಆಗಬಹುದು, ಎರಡು ನಿಮಿಷಕ್ಕಿಂತ ಉದ್ದ ಬೇಡ.

ಮನೆಯೊಳಗಿನವರು

ಅತ್ತೆ ಮಾವ ಜೊತೆಗಿದ್ದರೆ ಮಾತಿಗೆ ಬರವಿಲ್ಲ, ಆದರೆ ಎಲ್ಲವೂ ಮಗುವನ್ನು ಹೇಗೆ ಹಿಡಿಯಬೇಕು ಅನ್ನುವುದರ ಸುತ್ತಲೇ ಇರುತ್ತದೆ. ಅಂಥ ಮನೆಯಲ್ಲಿ ಹೊರಗೆ ಹೋಗುವುದೇ ಒಂದು ಪ್ರಶ್ನೆ. "ಗೆಳತೀನ ನೋಡಿ ಬರ್ತೀನಿ" ಅನ್ನುವುದಕ್ಕಿಂತ "ಮಗುಗೆ ಗಾಳಿ ಬೇಕಂತೆ, ಡಾಕ್ಟರ್ ಹೇಳಿದ್ದಾರೆ" ಅಂದರೆ ಬಾಗಿಲು ಬೇಗ ತೆರೆಯುತ್ತದೆ. ಡಾಕ್ಟರ್ ಬಾಯಲ್ಲಿ ಆ ಮಾತು ಮುಂದಿನ ಭೇಟಿಯಲ್ಲಿ ಕೇಳಿಸಿಕೊಂಡು ಬನ್ನಿ, ಸುಳ್ಳೂ ಆಗುವುದಿಲ್ಲ.

ಗಂಡನ ಜೊತೆ ರಾತ್ರಿಯ ಮಾತು ನಮ್ಮಲ್ಲಿ ವರದಿಯಾಗಿಬಿಟ್ಟಿತ್ತು. ಎಷ್ಟು ಸಲ ಹಾಲು, ಎಷ್ಟು ಹೊತ್ತು ನಿದ್ದೆ. ಅದನ್ನು ಫ್ರಿಜ್ ಮೇಲಿನ ಹಾಳೆಗೆ ವರ್ಗಾಯಿಸಿದೆ. ಓದಿಕೊಳ್ಳಲಿ. ಊಟಕ್ಕೆ ಕೂತಾಗ ಹದಿನೈದು ನಿಮಿಷ ಮಗುವಿನ ಮಾತಿಲ್ಲ ಅಂತ ಒಪ್ಪಂದ. ಮೊದಲ ದಿನ ಏನು ಮಾತಾಡಬೇಕು ಅಂತ ತೋಚದೆ ಇಬ್ಬರೂ ಮೆಟ್ರೋ ಕಾಮಗಾರಿ ಬಗ್ಗೆ ಮಾತಾಡಿದೆವು. ಭಾನುವಾರ ಬೆಳಿಗ್ಗೆ ಹಾಲು ಕುಡಿಸಿದ ತಕ್ಷಣ ಮಗುವನ್ನು ಅವರಿಗೆ ಕೊಟ್ಟು ನಾನೊಬ್ಬಳೇ ದರ್ಶಿನಿಗೆ ಹೋಗುತ್ತೇನೆ, ಒಂದೂವರೆ ಗಂಟೆ. ಅಲ್ಲಿಗೆ ದಾವಣಗೆರೆಯವಳೂ ಬರುತ್ತಾಳೆ. ಮನೆಯಲ್ಲಿರುವ ತಂದೆಯರಿಗೂ ಮೇಲಿನ ಬೆಂಚಿನ ಲೆಕ್ಕ ಅನ್ವಯಿಸುತ್ತದೆ. ಚಾಪೆಯ ಮೇಲೆ ಐದು ಹೆಂಗಸರ ನಡುವೆ ಕೂರಲು ಅವರಿಗೆ ಮುಜುಗರ, ಅದಕ್ಕೆ ಬೆಳಗಿನ ವಾಕಿಂಗ್ ಗುಂಪು ಸುಲಭ.

ಇದು ಒಂಟಿತನ ಅಲ್ಲದಿದ್ದರೆ

ಹೆರಿಗೆಯಾದ ಮೊದಲ ಎರಡು ವಾರ ಸುಮ್ಮನೆ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ, ಇಳಿಯುತ್ತದೆ. ಆದರೆ ಜನ ಸಿಕ್ಕ ಮೇಲೂ ಅವರ ಜೊತೆ ಕೂರಲು ಮನಸ್ಸೇ ಇಲ್ಲ, ಮಗು ಮಲಗಿದರೂ ನಿಮಗೆ ನಿದ್ದೆ ಬರುತ್ತಿಲ್ಲ, ಏನೂ ರುಚಿಸುತ್ತಿಲ್ಲ, ಹೀಗೆ ಎರಡು ವಾರ ಕಳೆದರೆ ಬೆಂಚು ಚಾಪೆಯಿಂದ ಅದು ಸರಿಹೋಗುವುದಿಲ್ಲ. ಮಗು ಆದ ವರ್ಷದೊಳಗೆ ಯಾವಾಗ ಬೇಕಾದರೂ ಖಿನ್ನತೆ ಶುರುವಾಗಬಹುದು, ಅದಕ್ಕೆ ಚಿಕಿತ್ಸೆ ಇದೆ, ಹಾಲು ಕುಡಿಸುವವರು ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಇವೆ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಹೇಳಿ, ಇಲ್ಲವೇ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದಿನದ ಯಾವ ಹೊತ್ತಿಗೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ಸೇರಿಸಿಕೊಳ್ಳುವ ವಾರ್ಡ್ ಇದೆ. ತನಗೋ ಮಗುವಿಗೋ ಏನಾದರೂ ಮಾಡಿಕೊಂಡುಬಿಡುತ್ತೇನೆ ಅನಿಸಿದರೆ, ಇಲ್ಲದ ದನಿ ಕೇಳಿಸಿದರೆ, ನಿದ್ದೆಯೇ ಇಲ್ಲದೆ ಮಾತು ಅಡ್ಡಾದಿಡ್ಡಿ ಆದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಒಬ್ಬರೇ ಇರಬಾರದು.

ಗುಂಪು ಚದುರುವ ಹೊತ್ತು

ಸಂಬಳದ ಹೆರಿಗೆ ರಜೆ ಮೊದಲ ಎರಡು ಮಕ್ಕಳಿಗೆ 26 ವಾರ. ಹಾಗಾಗಿ ಮಗುವಿಗೆ ಐದಾರು ತಿಂಗಳಾಗುವ ಹೊತ್ತಿಗೆ ನಿಮ್ಮ ಚಾಪೆಯಿಂದ ಒಬ್ಬೊಬ್ಬರಾಗಿ ಕೆಲಸಕ್ಕೆ ಹೊರಡುತ್ತಾರೆ. ನಮ್ಮಲ್ಲಿ ನಾಲ್ವರಾಗಿದ್ದವರು ಫೆಬ್ರವರಿಗೆ ಇಬ್ಬರಾದೆವು. ಹೊರಟವರನ್ನು ಗುರುವಾರಕ್ಕೆ ಕರೆಯುತ್ತಿದ್ದರೆ ಇಬ್ಬರಿಗೂ ಕಸಿವಿಸಿ. ನಾವು ಅದನ್ನು ಶನಿವಾರ ಬೆಳಿಗ್ಗೆ ಏಳೂವರೆಗೆ ಬದಲಿಸಿದೆವು. ಗುರುವಾರದ ಚಾಪೆಗೆ ಹೊಸಬರು ಬೇಕಲ್ಲ, ಅದಕ್ಕೆ ಆಶಾ ಅಕ್ಕನನ್ನು ಮತ್ತೆ ಕೇಳಿದೆ. ಹೋದ ವಾರ ಎರಡನೇ ಬ್ಲಾಕಿನಿಂದ ಒಬ್ಬಳು ನಾಲ್ಕು ತಿಂಗಳ ಮಗು ಎತ್ತಿಕೊಂಡು ಬಂದು ದೂರದಲ್ಲೇ ನಿಂತಿದ್ದಳು. ದಾವಣಗೆರೆಯವಳು ಚಾಪೆಯ ಮೇಲೆ ಸರಿದು ಜಾಗ ಮಾಡಿ, "ಬಾರಮ್ಮ, ನಿನ್ನ ಹೆಸರೇನು?" ಅಂದಳು. ಅವಳು ಮಗುವಿನ ಹೆಸರು ಹೇಳಿದಳು. "ಅವನದು ಆಮೇಲೆ," ಅಂದಳು ಇವಳು, "ನಿಂದು?"